ಹತ್ತು ನಿಮಿಷ ಬಿಡಬೇಕೇ, ನೇರ ಎಣ್ಣೆಗೆ ಹಾಕಬೇಕೇ? ಜಜ್ಜಿದ ಬೆಳ್ಳುಳ್ಳಿಯ ಲೆಕ್ಕ

ಮುಂಬೈ, ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಬೆಳ್ಳುಳ್ಳಿ ಬಗ್ಗೆ ಒಂದಕ್ಕೊಂದು ತಾಳೆಯಾಗದ ಮಾತುಗಳು ಓಡಾಡುತ್ತಿವೆ. ಬೆಳ್ಳುಳ್ಳಿ ಜಜ್ಜಿ ಹತ್ತು ನಿಮಿಷ ಬಿಟ್ಟ ಮೇಲೆಯೇ ಒಲೆಗೆ ಹಾಕಬೇಕು, ಇಲ್ಲದಿದ್ದರೆ ಅದರ ಸತ್ವವೆಲ್ಲ ಹೋಗುತ್ತದೆ ಎಂದು ಒಂದು ವಿಡಿಯೊ ಹೇಳುತ್ತದೆ. ಬೇಯಿಸಿದ ಮೇಲೆ ಹೇಗಿದ್ದರೂ ಏನೂ ಉಳಿಯುವುದಿಲ್ಲ, ಹಸಿಯಾಗಿಯೇ ತಿನ್ನಬೇಕು ಎನ್ನುತ್ತದೆ ಇನ್ನೊಂದು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಒಂದು ಎಸಳನ್ನು ನೀರಿನ ಜೊತೆ ನುಂಗಿದರೆ ಸಾಕು ಎನ್ನುವವರೂ ಇದ್ದಾರೆ. 2024ರಲ್ಲಿ ಮುಂಬೈಯ ಚಿಲ್ಲರೆ ಅಂಗಡಿಗಳಲ್ಲಿ ಬೆಳ್ಳುಳ್ಳಿ ಕಿಲೋಗೆ 400 ರೂಪಾಯಿ ದಾಟಿದ್ದನ್ನು ಕಂಡವರಿಗೆ, ಕೊಟ್ಟ ದುಡ್ಡಿನ ಸತ್ವ ಒಗ್ಗರಣೆಯಲ್ಲಿ ಸುಟ್ಟುಹೋಗುತ್ತದೆ ಎಂಬ ಮಾತು ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ಈ ಮಾತುಗಳಲ್ಲಿ ಪೂರ್ತಿ ಸುಳ್ಳು ಕಡಿಮೆ, ಅರ್ಧ ಸತ್ಯ ಹೆಚ್ಚು. ಎಲ್ಲರೂ ಮಾತಾಡುತ್ತಿರುವುದು ಅಲಿಸಿನ್ ಎಂಬ ಒಂದು ವಸ್ತುವಿನ ಬಗ್ಗೆ. ಆದರೆ ಅದು ಯಾವ ಗಳಿಗೆಯಲ್ಲಿ ಹುಟ್ಟುತ್ತದೆ, ಬಿಸಿ ತಾಗಿದಾಗ ನಿಜವಾಗಿ ಸಾಯುವುದು ಯಾವುದು ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಅದು ಗೊತ್ತಾದರೆ ಉಳಿದ ಪ್ರಶ್ನೆಗಳನ್ನು ನಾವೇ ಬಿಡಿಸಿಕೊಳ್ಳಬಹುದು.

ಇಡೀ ಎಸಳಿನಲ್ಲಿ ಅಲಿಸಿನ್ ಇರುವುದೇ ಇಲ್ಲ

ಸುಲಿದಿಟ್ಟ, ಎಲ್ಲೂ ಗಾಯವಾಗದ ಬೆಳ್ಳುಳ್ಳಿ ಎಸಳನ್ನು ಮೂಗಿನ ಹತ್ತಿರ ಹಿಡಿದರೆ ವಾಸನೆ ಇಲ್ಲವೆನ್ನುವಷ್ಟು ಕಡಿಮೆ. ಅದನ್ನೇ ಕುಟ್ಟಾಣಿಯಲ್ಲಿ ಒಂದೇಟು ಜಜ್ಜಿದರೆ ಅಡುಗೆಮನೆಯೆಲ್ಲ ಘಾಟು. ಈ ಘಾಟು ಎಸಳಿನೊಳಗೆ ಮೊದಲೇ ಕೂತಿದ್ದು ಹೊರಬಂದದ್ದಲ್ಲ, ಜಜ್ಜಿದ ಮೇಲೆ ತಯಾರಾದದ್ದು.

ಎಸಳಿನ ತಿರುಳಿನ ಜೀವಕೋಶಗಳಲ್ಲಿ ಅಲಿಯಿನ್ ಎಂಬ ಗಂಧಕಯುಕ್ತ ವಸ್ತು ಇರುತ್ತದೆ. ಅದು ಒಂದು ಬಗೆಯ ಅಮೈನೋ ಆಮ್ಲ, ವಾಸನೆ ಇಲ್ಲ. ಅಲಿಯಿನೇಸ್ ಎಂಬ ಕಿಣ್ವ ಇರುವುದು ಬೇರೆ ಕಡೆ: ಎಸಳಿನ ನಾಳಗಳನ್ನು ಸುತ್ತುವರಿದ ಕೋಶಗಳಲ್ಲಿ, ಅದೂ ಆ ಕೋಶಗಳ ರಸದಾನಿಯೊಳಗೆ. ನಡುವೆ ಕೋಶದ ಗೋಡೆಗಳಿವೆ. ಆ ಗೋಡೆಗಳು ಗಟ್ಟಿಯಾಗಿರುವ ತನಕ ಇವೆರಡೂ ಒಂದನ್ನೊಂದು ಮುಟ್ಟುವುದಿಲ್ಲ.

ಚಾಕು ತಾಗಿದಾಗ, ಕುಟ್ಟಿದಾಗ, ಹಲ್ಲಿಗೆ ಸಿಕ್ಕಾಗ ಗೋಡೆ ಒಡೆಯುತ್ತದೆ. ಹುಳು ಕಚ್ಚಿದರೂ ಅಷ್ಟೇ. ಗಿಡಕ್ಕೆ ಇದು ರಕ್ಷಣೆಯ ಉಪಾಯ: ತನಗೇ ಹಾನಿ ಮಾಡಬಲ್ಲ ವಸ್ತುವನ್ನು ಮಾಡಿಟ್ಟುಕೊಳ್ಳದೆ, ಪೆಟ್ಟು ಬಿದ್ದ ಜಾಗದಲ್ಲಿ ಮಾತ್ರ, ಬಿದ್ದ ಗಳಿಗೆಯಲ್ಲಿ ತಯಾರಿಸಿಕೊಳ್ಳುತ್ತದೆ. ಎರಡೂ ರಸ ಬೆರೆತ ಕೂಡಲೇ ಕಿಣ್ವವು ಅಲಿಯಿನ್ ಅಣುವನ್ನು ತುಂಡರಿಸುತ್ತದೆ. ಒಂದು ಕಡೆ ಅಮೋನಿಯಾ ಮತ್ತು ಪೈರುವಿಕ್ ಆಮ್ಲ ಉಳಿಯುತ್ತವೆ. ಇನ್ನೊಂದು ಕಡೆ ಸಲ್ಫೆನಿಕ್ ಆಮ್ಲದ ಒಂದು ಚಿಕ್ಕ ಅಣು ಹುಟ್ಟುತ್ತದೆ. ಅದು ಒಂಟಿಯಾಗಿ ಬಾಳುವಂಥದ್ದಲ್ಲ. ಅಂಥ ಎರಡು ಅಣುಗಳು ಕೂಡಿ, ಒಂದು ನೀರಿನ ಅಣುವನ್ನು ಬಿಟ್ಟುಕೊಟ್ಟು, ಅಲಿಸಿನ್ ಆಗುತ್ತವೆ. ಕಿಣ್ವದ ಕೆಲಸ ಮೊದಲ ತುಂಡರಿಸುವಿಕೆಯಷ್ಟೇ. ಕೊನೆಯ ಕೂಡುವಿಕೆ ತಾನಾಗಿ ನಡೆಯುತ್ತದೆ.

ಎಸಳಿನ ಪ್ರೋಟೀನಿನಲ್ಲಿ ಈ ಕಿಣ್ವದ್ದೇ ದೊಡ್ಡ ಪಾಲು, ಆದ್ದರಿಂದ ಕೆಲಸ ಬಹಳ ಚುರುಕು. ಚೆನ್ನಾಗಿ ಅರೆದ ಬೆಳ್ಳುಳ್ಳಿಯಲ್ಲಿ ಇರುವ ಅಲಿಯಿನ್‌ನ ಬಹುಪಾಲು ಒಂದು ನಿಮಿಷದೊಳಗೇ ಅಲಿಸಿನ್ ಆಗಿಬಿಡುತ್ತದೆ. ‘ಹತ್ತು ನಿಮಿಷ’ದ ಗೊಂದಲಕ್ಕೆ ಬಂದಾಗ ಇದು ಬೇಕಾಗುತ್ತದೆ.

1940ರ ದಶಕದ ಒಂದು ಪ್ರಯೋಗ

ಅಲಿಸಿನ್ ಅನ್ನು 1944ರಲ್ಲಿ ಬೇರ್ಪಡಿಸಿ ಹೆಸರಿಟ್ಟವರು ಅಮೆರಿಕದ ವಿಜ್ಞಾನಿಗಳಾದ ಚೆಸ್ಟರ್ ಕವಲೀಟೊ ಮತ್ತು ಜಾನ್ ಬೇಲಿ. ಅಲಿಯಿನ್ ಎಂಬ ಮೂಲವಸ್ತುವನ್ನು ಕೆಲವು ವರ್ಷಗಳ ನಂತರ ಕಂಡುಹಿಡಿದವರು ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿದ್ದ ಆರ್ಥರ್ ಸ್ಟೋಲ್ ಮತ್ತು ಎವಾಲ್ಡ್ ಸೀಬೆಕ್. ಇವೆರಡರ ನಡುವೆ ಕವಲೀಟೊ ತಂಡ ಮಾಡಿದ ಒಂದು ಪ್ರಯೋಗ ನಮ್ಮ ಇಂದಿನ ಗೊಂದಲಕ್ಕೆ ನೇರ ಉತ್ತರವಾಗಿದೆ.

ಅವರು ಬೆಳ್ಳುಳ್ಳಿಯನ್ನು ಒಣ ಐಸಿನಲ್ಲಿ ಗಡ್ಡೆಕಟ್ಟಿಸಿ, ಆ ಕೊರೆಯುವ ತಂಪಿನಲ್ಲೇ ಪುಡಿಮಾಡಿ, ಅಸಿಟೋನ್‌ನಿಂದ ತೊಳೆದು ಒಣಗಿಸಿದರು. ಸಿಕ್ಕ ಬಿಳಿ ಪುಡಿಗೆ ವಾಸನೆ ಇರಲಿಲ್ಲ. ನೀರು ಸೇರಿಸಿದ ಕೂಡಲೇ ಬೆಳ್ಳುಳ್ಳಿಯ ಘಾಟು ಎದ್ದಿತು. ಅದೇ ಪುಡಿಯನ್ನು ಮೊದಲು ಆಲ್ಕೋಹಾಲ್‌ನಲ್ಲಿ ಕುದಿಸಿ ಆಮೇಲೆ ನೀರು ಸೇರಿಸಿದರೆ ಘಾಟು ಬರಲಿಲ್ಲ. ಆದರೆ ಹೀಗೆ ಕುದಿಸಿ ಸಪ್ಪೆಯಾದ ಪುಡಿಗೆ, ಕುದಿಸದ ಪುಡಿಯ ಚಿಟಿಕೆಯೊಂದನ್ನು ಬೆರೆಸಿ ನೀರು ಹಾಕಿದಾಗ, ಎಲ್ಲ ಪುಡಿಯೂ ಹಸಿಯಾಗಿತ್ತೇನೋ ಎಂಬಂತೆ ಅದರ ಶಕ್ತಿ ಮರಳಿತು.

ಕುದಿಸಿದಾಗ ಹೋದದ್ದು ಅಲಿಸಿನ್ ಅಲ್ಲ, ಅದು ಇನ್ನೂ ಹುಟ್ಟಿರಲೇ ಇಲ್ಲ. ಅಲಿಯಿನ್ ಕೂಡ ಹೋಗಿರಲಿಲ್ಲ. ಹೋಗಿದ್ದರೆ ಚಿಟಿಕೆ ಪುಡಿಯಿಂದ ಇಡೀ ಶಕ್ತಿ ಮರಳುವುದು ಸಾಧ್ಯವಿರಲಿಲ್ಲ. ಸತ್ತದ್ದು ಕಿಣ್ವ ಮಾತ್ರ. ಕಿಣ್ವ ತಾನು ಖರ್ಚಾಗದೆ ಕೆಲಸ ಮಾಡುವುದರಿಂದ, ಹೊರಗಿನಿಂದ ಬಂದ ಅಷ್ಟಿಷ್ಟು ಕಿಣ್ವವೇ ಉಳಿದಿದ್ದ ಅಲಿಯಿನ್ ಅನ್ನೆಲ್ಲ ಮಾರ್ಪಡಿಸಿಬಿಟ್ಟಿತು.

ಇದನ್ನು ಮನೆಯಲ್ಲೇ ನೋಡಬಹುದು. ಎರಡು ಇಡೀ ಎಸಳುಗಳನ್ನು ಕುದಿಯುವ ನೀರಿನಲ್ಲಿ ಹತ್ತು ನಿಮಿಷ ಬೇಯಿಸಿ, ಪೂರ್ತಿ ಆರಿದ ಮೇಲೆ ಜಜ್ಜಿ. ಬೇಯಿಸಿದ ಆಲೂಗಡ್ಡೆಯಂತೆ ಮೆತ್ತಗಿರುತ್ತದೆ, ನಾಲಿಗೆಗೆ ಚುರುಕು ಇರುವುದಿಲ್ಲ. ಈಗ ಹಸಿ ಬೆಳ್ಳುಳ್ಳಿಯ ಒಂದು ಸಣ್ಣ ಚೂರನ್ನು ಜಜ್ಜಿ ಅದರ ಜೊತೆ ಕಲಸಿ ಕೆಲವು ನಿಮಿಷ ಬಿಡಿ. ಹಾಕಿದ ಚೂರಿನ ಲೆಕ್ಕಕ್ಕೆ ಮೀರಿದ ಘಾಟು ಏಳುತ್ತದೆ. ಬಿಸಿ ಇರುವಾಗಲೇ ಕಲಸಿದರೆ ಮಾತ್ರ ಈ ಪರೀಕ್ಷೆ ಕೆಡುತ್ತದೆ, ಹೊಸ ಕಿಣ್ವವೂ ಸಾಯುತ್ತದೆ.

ಬಿಸಿ ಎಷ್ಟಾದರೆ ಕಿಣ್ವ ಸಾಯುತ್ತದೆ?

ಕಿಣ್ವ ಎಂದರೆ ಪ್ರೋಟೀನು. ಅದರ ಸರಪಳಿ ಒಂದು ನಿರ್ದಿಷ್ಟ ಆಕಾರದಲ್ಲಿ ಮಡಚಿಕೊಂಡಿದ್ದರೆ ಮಾತ್ರ ಅದಕ್ಕೆ ಕೆಲಸ ಬರುತ್ತದೆ. ಅಲಿಯಿನೇಸ್ ಸುಮಾರು 35 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅತ್ಯಂತ ಚುರುಕು; ಅಂದರೆ ಮೇ ತಿಂಗಳ ಮುಂಬೈ ಅಡುಗೆಮನೆ ಅದಕ್ಕೆ ಹೇಳಿ ಮಾಡಿಸಿದ ಜಾಗ. 60 ಡಿಗ್ರಿ ದಾಟಿದಂತೆ ಮಡಿಕೆಗಳು ಬಿಚ್ಚಿಕೊಳ್ಳತೊಡಗುತ್ತವೆ. ಕುದಿಯುವ ನೀರಿನ ಬಿಸಿ ತಾಗಿದರೆ ಬೇಗನೆ ಕೆಲಸ ನಿಲ್ಲುತ್ತದೆ, ತಣ್ಣಗಾದ ಮೇಲೆ ಮರಳುವುದಿಲ್ಲ. ಒಗ್ಗರಣೆಯ ಎಣ್ಣೆಯ ಬಿಸಿ ಇದಕ್ಕಿಂತ ಎಷ್ಟೋ ಹೆಚ್ಚು.

ಆದರೆ ಬಿಸಿ ಎಸಳಿನ ಒಳಗೆ ತಲುಪಲು ಸಮಯ ಬೇಕು. ಅರ್ಜೆಂಟೀನಾದ ಕವಗ್ನಾರೊ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸುತ್ತದೆ. ಅವರು ಅಳೆದದ್ದು ರಕ್ತದ ಪ್ಲೇಟ್‌ಲೆಟ್‌ಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಬೆಳ್ಳುಳ್ಳಿ ಎಷ್ಟು ತಡೆಯುತ್ತದೆ ಎಂಬುದನ್ನು, ಅದೂ ಪ್ರಯೋಗನಳಿಕೆಯಲ್ಲಿ. ಮೂರು ನಿಮಿಷ ಬೇಯಿಸಿದರೆ ಜಜ್ಜಿದ ಬೆಳ್ಳುಳ್ಳಿಯಲ್ಲೂ ಇಡೀ ಎಸಳಿನಲ್ಲೂ ಗುಣ ಹಾಗೇ ಉಳಿದಿತ್ತು. ಆರು ನಿಮಿಷಕ್ಕೆ ಇಡೀ ಎಸಳಿನಲ್ಲಿ ಗುಣ ಪೂರ್ತಿ ಹೋಯಿತು, ಮೊದಲೇ ಜಜ್ಜಿಟ್ಟಿದ್ದರಲ್ಲಿ ಪೂರ್ತಿ ಹೋಗಲಿಲ್ಲ. 200 ಡಿಗ್ರಿ ಓವನ್‌ನಲ್ಲಿ ಹತ್ತು ನಿಮಿಷ ಮೀರಿದಾಗ ಎರಡೂ ಸಪ್ಪೆ. ಮೈಕ್ರೋವೇವ್‌ನಲ್ಲಿ ಬೇಗನೆ ಹೋಯಿತು, ಏಕೆಂದರೆ ಅಲ್ಲಿ ಬಿಸಿ ಹೊರಗಿನಿಂದ ನಿಧಾನವಾಗಿ ಒಳಗಿಳಿಯಲು ಕಾಯುವುದಿಲ್ಲ. ಹೀಗೆ ಸತ್ತ ಇಡೀ ಎಸಳಿಗೆ ಹಸಿ ಬೆಳ್ಳುಳ್ಳಿ ರಸ ಸೇರಿಸಿದಾಗ ಗುಣ ಮರಳಿತು. ಅಂದರೆ 1940ರ ದಶಕದ ಫಲಿತಾಂಶವೇ ಇಲ್ಲೂ ಕಂಡಿತು.

‘ಹತ್ತು ನಿಮಿಷ’ ಬಂದದ್ದು ಎಲ್ಲಿಂದ?

ಈ ಅಂಕಿಯ ಮೂಲ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಾಂಗ್ ಮತ್ತು ಮಿಲ್ನರ್ ಅವರ ಸಂಶೋಧನೆ, ಅದು 2001ರಲ್ಲಿ ಪ್ರಕಟವಾಯಿತು. ಕ್ಯಾನ್ಸರ್ ತರಬಲ್ಲ ಒಂದು ರಾಸಾಯನಿಕವು ಇಲಿಗಳ ಡಿಎನ್‌ಎಗೆ ಅಂಟಿಕೊಳ್ಳುವುದನ್ನು ಬೆಳ್ಳುಳ್ಳಿ ತಡೆಯುತ್ತದೆಯೇ ಎಂದು ಅವರು ನೋಡಿದರು. 60 ಸೆಕೆಂಡ್ ಮೈಕ್ರೋವೇವ್‌ನಲ್ಲಿಟ್ಟರೆ ಬೆಳ್ಳುಳ್ಳಿಯ ಆ ಗುಣ ಹೋಗುತ್ತಿತ್ತು. ಜಜ್ಜಿ ಹತ್ತು ನಿಮಿಷ ಬಿಟ್ಟು ಆಮೇಲೆ ಅಷ್ಟೇ ಬಿಸಿ ಮಾಡಿದರೆ ಗುಣದ ಒಂದು ಭಾಗ ಉಳಿಯುತ್ತಿತ್ತು.

ಇದರಿಂದ ಕ್ರಮ ಮುಖ್ಯ ಎಂದು ಗೊತ್ತಾಯಿತು: ಮೊದಲು ಜಜ್ಜು, ಆಮೇಲೆ ಬಿಸಿ. ಕಿಣ್ವ ಸಾಯುವ ಮೊದಲು ಅದರ ಕೆಲಸ ಮುಗಿದಿರಬೇಕು. ಆದರೆ ಒಂಬತ್ತು ನಿಮಿಷಕ್ಕೆ ಏನೂ ಇಲ್ಲ, ಹತ್ತಕ್ಕೆ ಎಲ್ಲ ಇದೆ ಎಂದು ಆ ಪ್ರಯೋಗ ಹೇಳಲಿಲ್ಲ. ಪ್ರಯೋಗಕ್ಕಾಗಿ ಆರಿಸಿಕೊಂಡ ಒಂದು ಅವಧಿ ಮುಂದೆ ಅಡುಗೆಯ ನಿಯಮವಾಗಿ ಬೆಳೆದುಬಿಟ್ಟಿತು. ಕುಟ್ಟಾಣಿಯಲ್ಲಿ ಉಪ್ಪು ಹಾಕಿ ನುಣ್ಣಗೆ ಅರೆದದ್ದಕ್ಕೆ ಒಂದೆರಡು ನಿಮಿಷ ಧಾರಾಳವಾಗಿ ಸಾಕು. ಚಾಕುವಿನಲ್ಲಿ ದಪ್ಪಗೆ ಹೆಚ್ಚಿದ್ದರೆ ಹತ್ತು ನಿಮಿಷವಲ್ಲ, ಅರ್ಧ ಗಂಟೆ ಬಿಟ್ಟರೂ ಹೆಚ್ಚಿನ ಕೋಶಗಳು ಒಡೆಯದೆ ಹಾಗೇ ಇರುತ್ತವೆ. ಗಡಿಯಾರಕ್ಕಿಂತ ನೋಡಬೇಕಾದದ್ದು ಎಷ್ಟು ನುಣ್ಣಗಾಗಿದೆ ಎಂಬುದನ್ನು.

ಡೊಂಬಿವಲಿಯ ಒಂದು ಹುರುಳಿ ಸಾರು

ಲೆಕ್ಕ ಹಾಕಿ ನೋಡೋಣ. ಡೊಂಬಿವಲಿಯ ಒಂದು ಮನೆಯಲ್ಲಿ ಹುರುಳಿ ಸಾರಿಗೆ ಆರು ದಪ್ಪ ಎಸಳಿನ ಒಗ್ಗರಣೆ ಎಂದುಕೊಳ್ಳೋಣ, ಒಟ್ಟು ಸುಮಾರು 20 ಗ್ರಾಂ. ಹಸಿ ಬೆಳ್ಳುಳ್ಳಿ ಪೂರ್ತಿ ಜಜ್ಜಿದರೆ ಗ್ರಾಂಗೆ ಸಾಮಾನ್ಯವಾಗಿ ಎರಡೂವರೆಯಿಂದ ನಾಲ್ಕೂವರೆ ಮಿಲಿಗ್ರಾಂ ಅಲಿಸಿನ್ ಕೊಡುತ್ತದೆ. ಅಂದರೆ ಈ ಆರು ಎಸಳಿನ ತಾಕತ್ತು 50ರಿಂದ 90 ಮಿಲಿಗ್ರಾಂ.

ಕರಾವಳಿಯ ಮನೆಗಳ ರೂಢಿಯಂತೆ ಎಸಳಿಗೆ ಒಂದೇಟು ಹಾಕಿ, ಸಿಪ್ಪೆ ಸಡಿಲವಾದ ಕೂಡಲೇ ಕಾದ ಎಣ್ಣೆಗೆ ಬಿಟ್ಟರೆ, ಏಟು ತಾಗಿದ ಜಾಗದಲ್ಲಷ್ಟೇ ಅಲಿಸಿನ್ ಹುಟ್ಟಿರುತ್ತದೆ. ಉಳಿದ ತಿರುಳು ಇಡಿಯಾಗಿಯೇ ಬೇಯುತ್ತದೆ. ಅಲ್ಲಿನ ಕಿಣ್ವ ತನ್ನ ಗೂಡಿನಲ್ಲೇ ಸಾಯುತ್ತದೆ. ಎಸಳು ಕೆಂಪಗಾಗುವ ಹೊತ್ತಿಗೆ ಬರುವ ಸಿಹಿ ಮಿಶ್ರಿತ ಪರಿಮಳ ಬೆಳ್ಳುಳ್ಳಿಯ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಹುರಿದಾಗ ಬರುವಂಥದ್ದು. ಹುರುಳಿ ಸಾರಿಗೆ ಬೇಕಾದದ್ದು ಆ ಪರಿಮಳವೇ. ಇದನ್ನು ತಪ್ಪು ವಿಧಾನ ಎನ್ನುವ ವಿಡಿಯೊಗಳ ಮಾತನ್ನು ನಾನು ಒಪ್ಪುವುದಿಲ್ಲ. ಅದು ಬೇರೆ ರುಚಿಗಾಗಿ ಮಾಡುವ ಬೇರೆ ಕೆಲಸ.

ಅದೇ ಆರು ಎಸಳನ್ನು ನುಣ್ಣಗೆ ಜಜ್ಜಿ, ಸ್ವಲ್ಪ ಹೊತ್ತು ಬಿಟ್ಟು ಎಣ್ಣೆಗೆ ಹಾಕಿದರೆ, ಅಲಿಸಿನ್ ಪೂರ್ತಿ ಹುಟ್ಟಿರುತ್ತದೆ. ಆದರೆ ಅದು ಸಾರಿನ ಬಟ್ಟಲಿನ ತನಕ ಬರುವುದಿಲ್ಲ. ಅಲಿಸಿನ್ ಗಟ್ಟಿ ಅಣುವಲ್ಲ. ಬಿಸಿ ಎಣ್ಣೆಯಲ್ಲಿ ಬೇಗನೆ ಒಡೆದು ಡಯಲೈಲ್ ಡೈಸಲ್ಫೈಡ್‌ನಂಥ ಬೇರೆ ಗಂಧಕದ ವಸ್ತುಗಳಾಗುತ್ತದೆ. ‘ಬೆಳ್ಳುಳ್ಳಿ ಒಗ್ಗರಣೆಯ ವಾಸನೆ’ ಎಂದು ನಾವು ಪಕ್ಕದ ಮನೆಯಿಂದಲೇ ಗುರುತಿಸುವುದು ಬಹುಮಟ್ಟಿಗೆ ಇವನ್ನೇ. ಈ ವಸ್ತುಗಳು ಹುಟ್ಟಬೇಕಾದರೂ ಮೊದಲು ಅಲಿಸಿನ್ ಹುಟ್ಟಿರಬೇಕು. ಜಜ್ಜಿ ಬಿಡುವುದರಿಂದ ಅಡುಗೆಗೆ ಸಿಗುವ ನಿಜವಾದ ಲಾಭ ಇದು: ಅಲಿಸಿನ್ ಉಳಿಯುವುದಿಲ್ಲ, ಅದರ ಮಕ್ಕಳು ಉಳಿಯುತ್ತವೆ. ಒಂದು ತೊಂದರೆಯೂ ಇದೆ. ನುಣ್ಣಗಿನ ಬೆಳ್ಳುಳ್ಳಿ ಎಣ್ಣೆಯಲ್ಲಿ ಬಲುಬೇಗ ಕರಕಲಾಗಿ ಕಹಿಯಾಗುತ್ತದೆ, ಹಾಗಾಗಿ ಉರಿ ಸಣ್ಣದಿರಬೇಕು.

ಹಸಿ ಘಾಟೂ ಬೇಕು, ಹುರಿದ ಪರಿಮಳವೂ ಬೇಕು ಎನ್ನುವವರು ಐದು ಎಸಳನ್ನು ಒಗ್ಗರಣೆಗೆ ಹಾಕಿ, ಆರನೆಯದನ್ನು ನುಣ್ಣಗೆ ಜಜ್ಜಿಟ್ಟು, ಬಡಿಸುವ ಮುಂಚೆ ಬಟ್ಟಲಿನಲ್ಲಿ ಆರಿದ ಸಾರಿಗೆ ಕಲಸಬಹುದು. ಆ ಒಂದು ಎಸಳಿನ ಅಲಿಸಿನ್ ಜಜ್ಜಿದಾಗಲೇ ಹುಟ್ಟಿರುವುದರಿಂದ ಸಾರು ಬೆಚ್ಚಗಿದ್ದರೂ ಅದು ತಕ್ಷಣ ಹೋಗಿಬಿಡುವುದಿಲ್ಲ.

ವಡಾಪಾವ್ ಚಟ್ನಿಯಿಂದ ಗೋವಾದ ರೆಶಾದ್ ತನಕ

ಇದೇ ತರ್ಕವನ್ನು ಊರಿನ ಉಳಿದ ಅಡುಗೆಗಳಿಗೂ ಹಚ್ಚಬಹುದು. ವಡಾಪಾವ್ ಜೊತೆ ಕೊಡುವ ಕೆಂಪು ಒಣ ಚಟ್ನಿಗೆ ಸಾಮಾನ್ಯವಾಗಿ ಇಡೀ ಬೆಳ್ಳುಳ್ಳಿ ಎಸಳನ್ನು ಮೊದಲು ಹುರಿದು, ಆಮೇಲೆ ಒಣ ಕೊಬ್ಬರಿ, ಮೆಣಸಿನಪುಡಿ ಜೊತೆ ಕುಟ್ಟುತ್ತಾರೆ. ಇಲ್ಲಿ ಬಿಸಿ ಮೊದಲು, ಕುಟ್ಟುವುದು ಆಮೇಲೆ. ಆದ್ದರಿಂದಲೇ ಅಷ್ಟು ಬೆಳ್ಳುಳ್ಳಿ ಇದ್ದರೂ ಆ ಚಟ್ನಿ ಕಣ್ಣಲ್ಲಿ ನೀರು ತರಿಸುವುದಿಲ್ಲ. ಸೊಲ್ಲಾಪುರ, ವಿಜಯಪುರ ಕಡೆಯಿಂದ ಪುಣೆಗೆ ಬಂದವರು ಮಾಡುವ ಶೇಂಗಾ ಚಟ್ನಿಯಲ್ಲಿ ಹುರಿದ ಶೇಂಗಾ ಜೊತೆ ಹಸಿ ಬೆಳ್ಳುಳ್ಳಿಯೇ ಒರಳಿಗೆ ಬೀಳುತ್ತದೆ. ಅದರ ಚುರುಕು ಅಲಿಸಿನ್‌ನದು.

ಗೋವಾದ ರೆಶಾದ್ ಮಸಾಲೆ ಇನ್ನೊಂದು ಬಗೆ. ಅಲ್ಲಿ ಬೆಳ್ಳುಳ್ಳಿಯನ್ನು ಒಣಮೆಣಸಿನ ಜೊತೆ ವಿನೆಗರ್ ಹಾಕಿಯೇ ಅರೆಯುತ್ತಾರೆ, ಬಿಸಿ ಇಲ್ಲ. ಆದರೆ ಅಲಿಯಿನೇಸ್‌ಗೆ ಹುಳಿಯೂ ಆಗುವುದಿಲ್ಲ. ಬಹಳ ಹುಳಿಯಾದ ರಸದಲ್ಲಿ ಅದರ ಕೆಲಸ ಕುಂಠಿತವಾಗುತ್ತದೆ, ಹುಳಿ ಅತಿಯಾದರೆ ಶಾಶ್ವತವಾಗಿ ನಿಲ್ಲುತ್ತದೆ. ಹಾಗಾಗಿ ವಿನೆಗರ್ ಮೊದಲೇ ಸೇರಿದ ಮಸಾಲೆಯಲ್ಲಿ ಬೆಳ್ಳುಳ್ಳಿಯ ಕಟುತ್ವ ತಗ್ಗಿರುತ್ತದೆ. ಬೆಳ್ಳುಳ್ಳಿಯನ್ನು ಮೊದಲು ಬೇರೆಯಾಗಿ ಅರೆದು ಆಮೇಲೆ ವಿನೆಗರ್ ಸೇರಿಸಿದರೆ ಅದೇ ಮಸಾಲೆ ಹೆಚ್ಚು ಖಡಕ್ ಆಗುತ್ತದೆ.

ಇಡೀ ಎಸಳು ನುಂಗುವವರ ತೊಂದರೆಯೂ ಇದೇ. ಹಲ್ಲಿಗೆ ಸಿಗದ ಎಸಳಿನಲ್ಲಿ ಕೋಶಗಳು ಒಡೆಯುವುದಿಲ್ಲ. ಖಾಲಿ ಹೊಟ್ಟೆಯ ಆಮ್ಲ ವಿನೆಗರ್‌ಗಿಂತಲೂ ಕಟು. ಅದು ಒಳಗಿಳಿದಂತೆ ಕಿಣ್ವ ಸಾಯುತ್ತದೆ. ಬೆಳ್ಳುಳ್ಳಿ ಪುಡಿಯ ಕೆಲವು ಮಾತ್ರೆಗಳಿಗೆ ಹೊಟ್ಟೆಯಲ್ಲಿ ಕರಗದಂಥ ಹೊದಿಕೆ ಹಾಕುವುದು ಈ ಕಾರಣಕ್ಕೇ.

ಹಾಗಾದರೆ ಬೇಯಿಸಿದ್ದು ವ್ಯರ್ಥವೇ?

ಇಲ್ಲಿ ವಾದ ಇನ್ನೂ ಮುಗಿದಿಲ್ಲ. ಅಲಿಸಿನ್ ರಕ್ತದಲ್ಲಿ ಅಲಿಸಿನ್ ಆಗಿ ಸಿಗುವುದೇ ಇಲ್ಲ, ದೇಹದೊಳಗೆ ಕೂಡಲೇ ಬದಲಾಗುತ್ತದೆ. ಆದ್ದರಿಂದ ಲಾರಿ ಲಾಸನ್ ಮತ್ತು ಸಂಗಡಿಗರೊಬ್ಬರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಲಿಸಿನ್‌ನಿಂದ ಕೊನೆಗೆ ಹುಟ್ಟಿ ಉಸಿರಿನಲ್ಲಿ ಹೊರಬರುವ ಒಂದು ವಸ್ತುವನ್ನು ಅಳೆದರು. ಹಸಿ ಜಜ್ಜಿದ ಬೆಳ್ಳುಳ್ಳಿಯನ್ನು ನೂರು ಎಂದಿಟ್ಟುಕೊಂಡರೆ, ಬೇಯಿಸಿದ್ದು 16, ಹುರಿದದ್ದು 30, ಹುಳಿಯಲ್ಲಿ ಕೊಚ್ಚಿದ್ದು 66ರಷ್ಟು ಕೊಟ್ಟಿತು. ಕಿಣ್ವ ಸತ್ತ ಬೆಳ್ಳುಳ್ಳಿಯಲ್ಲಿ ಅಲಿಯಿನ್ ಉಳಿದಿರುತ್ತದೆ, ಅದರ ಒಂದು ಪಾಲನ್ನು ನಮ್ಮ ದೇಹವೇ ಮಾರ್ಪಡಿಸಿಕೊಳ್ಳುತ್ತದೆ ಎಂಬುದು ಇದರ ಅರ್ಥ. ಬೇಯಿಸಿದರೆ ಸೊನ್ನೆ ಎನ್ನುವವರ ಮಾತು ನಿಲ್ಲುವುದಿಲ್ಲ. ಏನೂ ವ್ಯತ್ಯಾಸವಿಲ್ಲ ಎನ್ನುವುದೂ ನಿಲ್ಲುವುದಿಲ್ಲ.

ಹಸಿ ಬೆಳ್ಳುಳ್ಳಿಯೇ ಔಷಧಿ ಎಂಬ ಪಕ್ಷಕ್ಕೂ ಒಂದು ತಡೆ ಇದೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಟ್ಟ ಕೊಲೆಸ್ಟರಾಲ್ ಸಾಧಾರಣ ಮಟ್ಟಿಗೆ ಹೆಚ್ಚಿದ್ದ 192 ಜನರಲ್ಲಿ ಕೆಲವರಿಗೆ ಆರು ತಿಂಗಳು ಹಸಿ ಬೆಳ್ಳುಳ್ಳಿ, ಕೆಲವರಿಗೆ ಮಾತ್ರೆ, ಕೆಲವರಿಗೆ ಬರಿಯ ಹುಸಿ ಮಾತ್ರೆ ಕೊಟ್ಟರು. ಕೊಲೆಸ್ಟರಾಲ್ ಯಾವ ಗುಂಪಿನಲ್ಲೂ ಗಮನಿಸುವಷ್ಟು ಇಳಿಯಲಿಲ್ಲ. ಪ್ರಯೋಗತಟ್ಟೆಯಲ್ಲಿ ಬ್ಯಾಕ್ಟೀರಿಯಾವನ್ನು ಅಲಿಸಿನ್ ಕೊಲ್ಲುವುದು ನಿಜ. ಅಲ್ಲಿ ಕಂಡದ್ದು ಮನುಷ್ಯನ ದೇಹದಲ್ಲೂ ಹಾಗೇ ನಡೆಯುತ್ತದೆ ಎನ್ನಲು ಅದೊಂದೇ ಸಾಕಾಗುವುದಿಲ್ಲ. ಕೊಲೆಸ್ಟರಾಲ್ ಮಾತ್ರೆ ಬಿಟ್ಟು ಬೆಳ್ಳುಳ್ಳಿ ಹಿಡಿಯಿರಿ ಎಂಬ ಸಂದೇಶಗಳು ಅಪಾಯಕಾರಿ, ಅವನ್ನು ಮುಂದೆ ಕಳಿಸಬಾರದು.

ರಕ್ತ ತೆಳುವಾಗಿಸುವ ಔಷಧಿ ತೆಗೆದುಕೊಳ್ಳುವವರು, ಸದ್ಯದಲ್ಲೇ ಆಪರೇಷನ್ ಇರುವವರು ದಿನವೂ ಹೆಚ್ಚು ಹಸಿ ಬೆಳ್ಳುಳ್ಳಿ ತಿನ್ನುವ ಮೊದಲು ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಪ್ಲೇಟ್‌ಲೆಟ್ ಮೇಲಿನ ಪರಿಣಾಮ ಅಲ್ಲಿ ತೊಡಕಾಗಬಹುದು. ಹಾಗೆಯೇ, ಜಜ್ಜಿದ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ದಿನಗಟ್ಟಲೆ ಇಡಬೇಡಿ. ಗಾಳಿಯಾಡದ, ಹುಳಿಯಿಲ್ಲದ ಆ ಎಣ್ಣೆಯಲ್ಲಿ ಬೊಟುಲಿಸಂ ಎಂಬ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಬಲ್ಲದು, ಅದರ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಅಲಿಸಿನ್ ಇದೆಯಲ್ಲ, ಅದು ಕಾಪಾಡುತ್ತದೆ ಎಂದುಕೊಳ್ಳುವಂತಿಲ್ಲ: ಎಣ್ಣೆಯಲ್ಲಿ ಅದು ಕೆಲವೇ ಗಂಟೆಗಳಲ್ಲಿ ಬಹುಪಾಲು ಒಡೆದುಹೋಗಿರುತ್ತದೆ. ಅಂದಂದಿಗೆ ಬೇಕಾದಷ್ಟೇ ಜಜ್ಜುವುದು ಒಳ್ಳೆಯದು. ಮಿಕ್ಕಿದ್ದನ್ನು ಇಡಲೇಬೇಕೆಂದರೆ ಫ್ರೀಜರ್‌ನಲ್ಲಿ ಇಡಿ.